ಹತ್ತು ನಿಮಿಷ ಮಾತಾಡೋದಿದ್ದರೆ, ಸ್ಲೈಡ್‌ಗೆ ಮೊದಲು ಒಂದು ವಾಕ್ಯ

ಶಿರಸಿ ಕಡೆ ಸಂಘದ ಸಭೆಗಳಲ್ಲಿ ಮಾತಾಡುವವರು ಪವರ್‌ಪಾಯಿಂಟ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ. ಕೇಳಿದವರು ಮನೆಗೆ ಹೋಗಿ ಏನು ಮಾಡಬೇಕು ಅನ್ನುವುದು ಅದರಲ್ಲಿರಲಿ.

‘ಅಡಿಕೆ ಕೊಳೆರೋಗ: ಕಾರಣ, ಪರಿಹಾರ’ ಅಂತ ಬರೆದರೆ ಅದು ಬರೀ ವಿಷಯ. ಅದಕ್ಕೆ ಒಂದು ಗಂಟೆಯೂ ಸಾಲದು. ‘ಮೊದಲ ಸಲದ ಬೋರ್ಡೋ, ಮಳೆ ಹಿಡಿಯುವ ಮೊದಲೇ ಹೊಡೆದು ಮುಗಿಸಿ’ ಅಂತ ಬರೆದು ನೋಡಿ. ಮಾಡುವ ಕೆಲಸವೂ ಬಂತು, ಗಡುವೂ ಬಂತು.

ಈಗ ನಿಮ್ಮ ಹತ್ತಿರ ಇರುವ ಒಂದೊಂದು ಅಂಶವನ್ನೂ ಈ ವಾಕ್ಯದ ಪಕ್ಕ ಇಟ್ಟು ನೋಡಿ. ರೋಗ ಒದ್ದೆ ಹವೆಯಲ್ಲಿ ಬೇಗ ಹಬ್ಬುತ್ತದೆ ಅನ್ನುವುದು ಇರಲಿ, ‘ಮೊದಲೇ ಯಾಕೆ’ ಅನ್ನುವುದಕ್ಕೆ ಉತ್ತರ ಅದೇ ಅಲ್ವಾ? 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಅನ್ನುವ ಬೋರ್ಡೋ ದ್ರಾವಣದ ಅಳತೆಯನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಹಂಚಿ. ಅಡಿಕೆ ದರ, ಬೇರುಹುಳ, ಸಹಾಯಧನ ಬೇಡ. ಬಿಡಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಬಿಡಿ.

ಆಮೇಲೆ ಪಕ್ಕದ ಮನೆಯವರಿಗೆ ಎರಡು ನಿಮಿಷದಲ್ಲಿ ವಿಷಯ ಹೇಳಿ, ಅವರಿಗೆ ಏನು ತಿಳಿಯಿತು ಅಂತ ಕೇಳಿ. ‘ಕೊಳೆರೋಗದ ಬಗ್ಗೆ ಹೇಳಿದ್ರಿ’ ಅಂದರೆ ವಾಕ್ಯ ಇನ್ನೂ ಸಡಿಲ. ‘ಮಳೆಗೆ ಮೊದಲು ಔಷಧಿ ಹೊಡೀಬೇಕು’ ಅಂದರೆ ಸ್ಲೈಡ್ ಶುರು ಮಾಡಬಹುದು.