ಕೌದಿಯ ಪದರ ಸರಿಯದಂತೆ ಹಿಡಿದದ್ದು: ನನ್ನ ಅನುಭವ

"ಕೌದಿಗೆ ಎರಡೆರಡು ಸಲ ಹೊಲಿಗಿ ಯಾರರ ಹಾಕ್ತಾರೇನವ್ವಾ? ದಾರ ಪುಕ್ಕಟೆ ಬರ್ತೈತೇನು?"

ನಮ್ಮ ಓಣಿಯ ಆಯಿ ಹೀಗಂದು ನಕ್ಕು ಮೂರು ವರ್ಷ ಆಯ್ತು. ಹೋದ ಬೇಸಿಗೆಯಲ್ಲಿ ಅದೇ ಆಯಿ ನನ್ನ ಕೌದಿಯನ್ನು ತಿರುವಿ ನೋಡಿದರು, ಮೂಲೆ ಹಿಡಿದು ಎಳೆದರು, ಏನೂ ಅನ್ನದೆ ಎಲೆ ಅಡಿಕೆ ಸಂಚಿ ಬಿಚ್ಚಿದರು. ನನಗೆ ಅಷ್ಟೇ ಸಾಕಿತ್ತು.

ನಾನು ಬಾಗಲಕೋಟೆ ನವನಗರದವಳು. ಮೊದಲು ಬ್ಲೌಸ್ ಹೊಲಿಯುತ್ತಿದ್ದೆ. ಗುಳೇದಗುಡ್ಡದ ಖಣದ ತುಂಡುಗಳು ಮನೆಯಲ್ಲಿ ರಾಶಿ ಬಿದ್ದಿದ್ದವು, ಹಾಗಾಗಿ ಕೌದಿಗೆ ಕೈ ಹಾಕಿದೆ. ಮೊದಲ ದೊಡ್ಡ ಆರ್ಡರ್ ಬೆಳಗಾವಿಯ ಒಬ್ಬ ಅಕ್ಕನದು. ಅವರ ಅತ್ತೆಯ ಹಳೆ ಇಳಕಲ್ ಸೀರೆಗಳು, 5 ಅಡಿಗೆ 7 ಅಡಿ ಅಳತೆ, ಮಾತಾದದ್ದು ಸುಮಾರು 2,800 ರೂಪಾಯಿ. ಮೇಲಿನ ಹಾಸನ್ನು ಮಷಿನ್‌ನಲ್ಲಿ ಚೌಕ ಚೌಕ ಜೋಡಿಸಿದೆ. ಪದರ ಕದಲದಂತೆ ಹಿಡಿದು ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆಯನ್ನು ಉದ್ದುದ್ದ ನಾಲ್ಕು ಸಾಲು ಹಾಕಿ, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಪಕ್ಕಾ ಹೊಲಿಗೆಯಲ್ಲಿ ಅಂಚಿನಿಂದ ಸುತ್ತುತ್ತಾ ಒಳಗೆ ಬಂದೆ. ಹದಿನೈದು ದಿನ ಹೊಲಿದ ಮೇಲೆ ನಡುವೆ ಜೋಳದ ರೊಟ್ಟಿ ಉಬ್ಬಿದ ಹಾಗೆ ಉಬ್ಬಿತು. ಕೆಳಗಿನ ಹಾಸು ಒಂದು ಮೂಲೆಯಲ್ಲಿ ಮಡಿಕೆ ಬಿದ್ದು ಹೊಲಿಗೆಯಲ್ಲಿ ಸಿಕ್ಕಿತ್ತು. ಅಡ್ವಾನ್ಸ್ 1,200 ವಾಪಸ್ ಕೊಟ್ಟೆ. ಅತ್ತೆಯ ಸೀರೆ ಅಂತ ಆ ಅಕ್ಕ ಕಣ್ಣಲ್ಲಿ ನೀರು ತಂದುಕೊಂಡದ್ದು ಇನ್ನೂ ನೆನಪಿದೆ. ಬ್ಲೇಡ್ ಹಿಡಿದು ಹೊಲಿಗೆ ಬಿಚ್ಚಲು ಮತ್ತೆ ನಾಲ್ಕು ದಿನ ಹೋಯ್ತು.

ಹಾಗಾದರೆ ಆಯಿ ಅಂಚಿನಿಂದಲೇ ಹೊಲಿದರೂ ಅವರದು ಯಾಕೆ ಉಬ್ಬಲ್ಲ? ಇದು ಹೊಳೆಯಲು ನನಗೆ ಒಂದು ವರ್ಷ ಬೇಕಾಯ್ತು. ಅವರ ಪಕ್ಕ ಕೂತು ಸುಮ್ನೆ ನೋಡಿದೆ. ಅವರು ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳುವುದೇ ಇಲ್ಲ. ಹೊಲಿಗೆ ಬಂದಲ್ಲಿಗೆ ಒಂದು ತುಂಡು ಇಟ್ಟು, ಅಂಚು ಮಡಚಿ, ಹೊಲಿದು ಮುಂದೆ ಹೋಗುತ್ತಾರೆ. ಬಟ್ಟೆ ಸ್ವಲ್ಪ ಮುಂದೆ ತಳ್ಳಿಕೊಂಡು ಬಂದರೂ ಮುಂದಿನ ತುಂಡಿನ ಮಡಿಕೆಯಲ್ಲಿ ಅದು ಮುಗಿದುಹೋಗುತ್ತದೆ. ನನ್ನದು ಇಡೀ ಒಂದೇ ಹಾಸು. ನಾಲ್ಕೂ ಕಡೆಯಿಂದ ತಳ್ಳಿದ ಬಟ್ಟೆ ನಡುವೆ ಬಂದು ನಿಲ್ಲಬೇಕು, ಬೇರೆ ದಾರಿ ಇಲ್ಲ. ಅಂದರೆ ತುಂಡು ಇಡುತ್ತಾ ಹೊಲಿಯುವವರು ಅಂಚಿನಿಂದ ಬರಬಹುದು. ಮೊದಲೇ ಜೋಡಿಸಿದವರು ನಡುವಿನಿಂದ ಹೊರಗೆ ಹೋಗಬೇಕು. ಆಗ ಹೆಚ್ಚಾದ ಬಟ್ಟೆ ಅಂಚಿಗೆ ಬರುತ್ತದೆ, ಕತ್ತರಿಸಿ ಬಿಸಾಕಿದರೆ ಆಯ್ತು. ಅದಕ್ಕೇ ಕೆಳಗಿನ ಹಾಸನ್ನು ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದು ಇಡುತ್ತೇನೆ.

ಎರಡನೇ ತಪ್ಪು ಕಚ್ಚಾ ಹೊಲಿಗೆಯದೇ. ನೇರ ಸಾಲಿನ ಕಚ್ಚಾ ಹೊಲಿಗೆ ಅಂದರೆ ಲಂಗದ ಲಾಡಿ ಇದ್ದ ಹಾಗೆ, ಬಟ್ಟೆ ಅದರ ಮೇಲೆ ಜಾರಿ ನೆರಿಗೆ ಆಗುತ್ತದೆ. ಈಗ ನಾನು ಓರೆ ಕಚ್ಚಾ ಹಾಕುತ್ತೇನೆ. ಸೂಜಿಯನ್ನು ಬಲದಿಂದ ಎಡಕ್ಕೆ ಅಡ್ಡ ಚುಚ್ಚಿ ಒಂದು ಇಂಚು ಹಿಡಿದು ತೆಗೆಯುವುದು. ಆಮೇಲೆ ಮೂರು ಬೆರಳು ಕೆಳಗೆ ಬಂದು ಮತ್ತೆ ಹಾಗೇ ಅಡ್ಡ ಚುಚ್ಚುವುದು. ಮೇಲೆ ದಾರ ಓರೆಯಾಗಿ ಕಾಣುತ್ತದೆ, ಕೆಳಗೆ ಅಡ್ಡ ಬೀಳುತ್ತದೆ. ಬಟ್ಟೆ ಉದ್ದಕ್ಕೂ ಓಡಲ್ಲ, ಅಡ್ಡಕ್ಕೂ ಓಡಲ್ಲ. ಮೊದಲು ನಡುವೆ ಕೂಡಿಸುವ ಗುರುತಿನ ಹಾಗೆ ಎರಡು ಸಾಲು, ಆಮೇಲೆ ಅಲ್ಲಿಂದ ಹೊರಗೆ ಒಂದೊಂದು ಮುಷ್ಟಿ ಅಂತರದಲ್ಲಿ ಉಳಿದ ಸಾಲುಗಳು. ಎರಡು ಸಾಲಿನ ನಡುವೆ ಮೇಲಿನ ಬಟ್ಟೆ ಚಿವುಟಿ ಎತ್ತಿ ನೋಡಿ. ಅದೊಂದೇ ಎದ್ದು ಬಂದರೆ ಅಲ್ಲಿ ಇನ್ನೊಂದು ಸಾಲು ಬೇಕು. ಮೂರೂ ಪದರ ಕೂಡಿ ಎದ್ದರೆ ಸಾಕು.

ಕೆಳಗಿನ ಹಾಸನ್ನು ಫರಸಿಯ ಮೇಲೆ ಹಾಸುವಾಗ ನಾನೊಮ್ಮೆ ಅತಿ ಬುದ್ಧಿವಂತಿಕೆ ಮಾಡಿದೆ. ನಾಲ್ಕೂ ಕಡೆ ಇಟ್ಟಂಗಿ ಇಟ್ಟು ಡೋಲಿನ ಚರ್ಮದ ಹಾಗೆ ಬಿಗಿದೆ. ಇಟ್ಟಂಗಿ ತೆಗೆದ ಕೂಡಲೇ ಅದು ಹಿಂದಕ್ಕೆ ಕುಗ್ಗಿತು, ಮೇಲಿನ ಹಾಸೆಲ್ಲ ಸುಕ್ಕು. ಈಗ ನನ್ನ ಲೆಕ್ಕ ಇಷ್ಟೇ: ಅಂಗೈಯಿಂದ ಸವರಿದರೆ ಮುಂದೆ ಮಡಿಕೆ ಓಡಬಾರದು, ಆದರೆ ದಡಿಯ ಗೆರೆ ಬಾಗಬಾರದು. ಅಂಚಿಗೆ ಅಗಲದ ಅಂಟು ಟೇಪ್ ಸಾಕು.

ನಡುವಿನ ಪದರಕ್ಕೆ ಹಳೆ ಧೋತರವೇ ಒಳ್ಳೆಯದು. ಹತ್ತಿಗೆ ಹತ್ತಿ ಹಿಡಿಯುತ್ತದೆ. ಇಳಕಲ್ ಸೀರೆಯ ಸೆರಗು ರೇಷ್ಮೆ, ನುಣುಪು. ಅದನ್ನು ಒಳಗೆ ಇಟ್ಟರೆ ಎರಡೂ ಮಗ್ಗುಲು ಜಾರುತ್ತದೆ. ಮೇಲೆ ಇಡಿ, ಆ ಭಾಗದಲ್ಲಿ ಮಾತ್ರ ಕಚ್ಚಾ ಸಾಲು ಎರಡರಷ್ಟು ಹತ್ತಿರ ಹಾಕಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಸೇಫ್ಟಿ ಪಿನ್ ಹಾಕಿದೆ, ನೂರಾ ಇಪ್ಪತ್ತೋ ಏನೋ. ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ ಧೋತರಕ್ಕೆ ಚುಕ್ಕಿ ಬಿತ್ತು. ಮೈದಾ ಅಂಟು ಹಚ್ಚಿ ನೋಡಿದೆ. ಪದರ ಕದಲಲಿಲ್ಲ ನಿಜ, ಆದರೆ ಒಣಗಿದ ಮೇಲೆ ಸೂಜಿ ಇಳಿಯಲು ದಬ್ಬಣವೇ ಬೇಕಾಯ್ತು, ರಾತ್ರಿ ಇರುವೆ ಸಾಲು ಬೇರೆ. ಅನ್ನದ ಗಂಜಿ ತೆಳ್ಳಗೆ ಮಾಡಿ ಸೆರಗಿನ ಜಾಗಕ್ಕೆ ಮಾತ್ರ ಹಚ್ಚಿದ್ದು ನಡೆಯಿತು, ಒಗೆದರೆ ಹೋಗುತ್ತದೆ. ಎಷ್ಟು ನೀರಿಗೆ ಎಷ್ಟು ಗಂಜಿ, ಅದರಲ್ಲಿ ಇನ್ನೇನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಂದು ಮಾತು. ಒಗೆದ ಮೇಲೆ ಕಾಣುವ ಸುಕ್ಕೆಲ್ಲ ಪದರ ಸರಿದದ್ದಲ್ಲ. ಮಡಿಕೆ ಒಂದೇ ದಿಕ್ಕಿಗೆ ವಾಲಿದ್ದರೆ ಅದು ಸರಿದದ್ದು. ಒಂದೇ ತುಂಡಿನ ಸುತ್ತ ಸುಕ್ಕಿದ್ದರೆ ಆ ತುಂಡು ಹೊಸದು, ನೀರಿಗೆ ಕುಗ್ಗಿದೆ. ಹೊಸ ಹತ್ತಿ ತುಂಡುಗಳನ್ನು ಮೊದಲೇ ಬಿಸಿ ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಿ. ಬಣ್ಣ ಬಿಡುವುದೂ ಆಗಲೇ ಗೊತ್ತಾಗುತ್ತದೆ.

ಪಕ್ಕಾ ಹೊಲಿಗೆಗೆ ದಾರ ಒಂದು ಮೊಳಕ್ಕಿಂತ ಜಾಸ್ತಿ ಉದ್ದ ತೆಗೆಯಲ್ಲ. ಸೂಜಿಯಲ್ಲಿ ನಾಲ್ಕು ಹೊಲಿಗೆ ಕೂಡಿಸಿ ಎಳೆದು, ಹೆಬ್ಬೆರಳಿನಿಂದ ಹಿಂದಕ್ಕೆ ಸವರಿ ಸಡಿಲ ಮಾಡಿ ಮುಂದೆ ಹೋಗುತ್ತೇನೆ. ಕಚ್ಚಾ ದಾರವನ್ನು ಒಮ್ಮೆಲೇ ಕೀಳಬೇಡಿ. ಪಕ್ಕಾ ಸಾಲು ದಾಟಿದಷ್ಟೇ ಬಿಚ್ಚಿ.

ಹೋದ ಬೇಸಿಗೆಯ ಕೌದಿ ಅದೇ 5 ಅಡಿಗೆ 7 ಅಡಿಯದು. ಓರೆ ಕಚ್ಚಾಕ್ಕೆ ಒಂದೂವರೆ ದಿನ, ಮೊದಲು ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ದಾರಕ್ಕೆ ಸುಮಾರು ಅರವತ್ತು ರೂಪಾಯಿ ಜಾಸ್ತಿ ಬಿತ್ತು. ಹದಿನಾಲ್ಕು ದಿನದಲ್ಲಿ ಮುಗಿಸಿ 4,500ಕ್ಕೆ ಕೊಟ್ಟೆ. ಕೊಡುವ ಮೊದಲು ಎರಡು ಸಲ ನಾನೇ ಒಗೆದು ಬಿಸಿಲಿಗೆ ಹಾಕಿದ್ದೆ, ಆಯಿ ಮೂಲೆ ಎಳೆದು ನೋಡಿದ್ದು ಆಗಲೇ.

ಎಲೆ ಅಡಿಕೆ ಹಾಕಿಕೊಂಡ ಮೇಲೆ ಕೇಳಿದರು: "ಆ ಓರೆ ಹೊಲಿಗಿ ಒಮ್ಮೆ ತೋರಿಸು ನೋಡೂಣು."