ಓದುವ ಸಾಲಿನಲ್ಲಿ ಇಲ್ಲದ ನರಿ

ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ಪುಸ್ತಕವನ್ನು ಮಗಳಿಗೆ ತುಂಬಾ ಸಲ ಓದಿ ಹೇಳಿದ್ದೇನೆ. ಇಂಗ್ಲಿಷಿನಲ್ಲಿ ಇಡೀ ಪುಸ್ತಕ 32 ಪದಗಳ ಒಂದೇ ವಾಕ್ಯ. ರೋಸಿ ಅನ್ನುವ ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಮೆದೆ ಹತ್ತಿ, ಊಟದ ಹೊತ್ತಿಗೆ ವಾಪಸ್ ಬರುತ್ತದೆ. ಅಷ್ಟೇ. ಆದರೆ ಚಿತ್ರಗಳಲ್ಲಿ ಅದರ ಬೆನ್ನ ಹಿಂದೆಯೇ ಒಂದು ನರಿ ಹೊಂಚು ಹಾಕುತ್ತಾ ಬರುತ್ತದೆ. ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ.

ಬರೆದಿಲ್ಲ ಅಂದಮೇಲೆ ನಾನೂ ಹೇಳುವುದಿಲ್ಲ. ಇದೇ ನನ್ನ ಮುಖ್ಯ ನಿಯಮ. ಏನೂ ನಡೆದೇ ಇಲ್ಲವೇನೋ ಎಂಬಂತೆ, ಸಮಾಧಾನದ ದನಿಯಲ್ಲಿ ಸಾಲು ಓದಿ ಸುಮ್ಮನಾಗುತ್ತೇನೆ. ದನಿಯಲ್ಲಿ ಭಯ ಬೆರೆಸಿದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ. ಮಗಳ ಕಣ್ಣು ಪುಟದ ಮೇಲೆ ಓಡಾಡುವುದು ನಿಂತ ಮೇಲೆಯೇ ಹಾಳೆ ತಿರುಗಿಸುವುದು.

ಪುಸ್ತಕ ಹಿಡಿಯುವುದರಲ್ಲೂ ಒಂದು ವಿಷಯ ಇದೆ. ರೋಸಿ ಎಡದಿಂದ ಬಲಕ್ಕೆ ನಡೆಯುತ್ತಾಳೆ. ಹಾಗಾಗಿ ಹಿಂದಿರುವ ನರಿ ಎಡಗಡೆಯ ಪುಟದಲ್ಲೇ ಜಾಸ್ತಿ ಸಿಗುತ್ತದೆ. ಅಲ್ಲಿ ಹೆಬ್ಬೆರಳು ಇಟ್ಟರೆ ಕಥೆಯೇ ಮುಚ್ಚಿಹೋಗಬಹುದು. ಅದಕ್ಕೆ ಪುಸ್ತಕವನ್ನು ಅವಳ ತೊಡೆಯ ಮೇಲೆ ಪೂರ್ತಿ ಬಿಡಿಸಿಟ್ಟು, ಕೆಳಗಿನಿಂದ ಹಿಡಿಯುತ್ತೇನೆ.

ಈ ಪುಸ್ತಕದಲ್ಲಿ ಸಾಲಿರುವ ಚಿತ್ರ ಆದಮೇಲೆ ಸಾಲೇ ಇಲ್ಲದ ಚಿತ್ರ ಬರುತ್ತದೆ. ಓದಲು ಏನೂ ಇಲ್ಲ ಅಂತ ದೊಡ್ಡವರ ಕೈ ಅಲ್ಲಿ ಬೇಗ ಹಾಳೆ ತಿರುಗಿಸಿಬಿಡುತ್ತದೆ. ನರಿಯ ಪಾಡು ಇರುವುದೇ ಅಲ್ಲಿ! ಅಂಗಳದ ಚಿತ್ರದಲ್ಲಿ ನರಿ ಹಾರುವ ಜಾಗದಲ್ಲೇ ಒಂದು ಕುಂಟೆ ಹಲ್ಲು ಮೇಲಾಗಿ ಬಿದ್ದಿದೆ. ಮುಂದಿನ ಪುಟದಲ್ಲಿ ಅದರ ಹಿಡಿ ನರಿಯ ಮೂತಿಗೆ ಬಡಿಯುತ್ತದೆ. ಗಿರಣಿಯ ಹತ್ತಿರ ಒಂದು ದಾರ ರೋಸಿಯ ಕಾಲಿಗೆ ಸಿಕ್ಕಿಕೊಂಡಿದೆ. ಅದರ ಇನ್ನೊಂದು ತುದಿ ಹಿಟ್ಟಿನ ಮೂಟೆಗೆ. ಎರಡು ಮೂರು ಓದು ಆದಮೇಲೆ ಮಗಳು ಮೊದಲ ಚಿತ್ರದಲ್ಲೇ ಕುಂಟೆ ಹುಡುಕಿ, “ಈಗ ಬೀಳುತ್ತೆ ನೋಡು” ಅನ್ನಲು ಶುರು ಮಾಡಿದಳು.

ಕಾಣದಿದ್ದರೆ? “ನರಿ ಎಲ್ಲಿದೆ?” ಅಂತ ಕೇಳುವುದಿಲ್ಲ. ಕೇಳಿದರೆ ಓದು ಪರೀಕ್ಷೆ ಆಗುತ್ತದೆ, ಉತ್ತರವನ್ನೂ ನಾನೇ ಹೇಳಿದಂತಾಗುತ್ತದೆ. ಸುಮ್ನೆ ಒಂದು ಪುಟ ಹಿಂದಕ್ಕೆ ತಿರುಗಿಸಿ ಅದೇ ಸಾಲನ್ನು ಇನ್ನೊಮ್ಮೆ ಓದುತ್ತೇನೆ. ಸಾಮಾನ್ಯವಾಗಿ ಅಷ್ಟು ಸಾಕು.

ಹೊಸ ಪುಸ್ತಕ ಸಿಕ್ಕಾಗ ಮೊದಲು ಒಬ್ಬಳೇ ಕೂತು, ಅಕ್ಷರ ಓದದೆ ಬರೀ ಚಿತ್ರ ನೋಡುತ್ತೇನೆ. ಸಾಲುಗಳಲ್ಲಿ ಇಲ್ಲದ ಒಂದು ಪ್ರಾಣಿಯೋ ವಸ್ತುವೋ ಪುಟದಿಂದ ಪುಟಕ್ಕೆ ಜಾಗ ಬದಲಿಸುತ್ತಿದ್ದರೆ ಅಲ್ಲೊಂದು ಕಥೆ ಇದೆ ಅಂತ ಲೆಕ್ಕ. ‘ಗುಡ್‌ನೈಟ್ ಮೂನ್’ನಲ್ಲಿ ಇಲಿಯ ಹೆಸರು ಸಾಲಿನಲ್ಲಿ ಬರುತ್ತದೆ, ಆದರೆ ಅದು ಕೋಣೆ ತುಂಬ ಓಡಾಡುವುದು ಚಿತ್ರದಲ್ಲಿ ಮಾತ್ರ. ಗಡಿಯಾರವೂ ಏಳರಿಂದ ಎಂಟು ದಾಟುವವರೆಗೆ ಸದ್ದಿಲ್ಲದೆ ಸರಿಯುತ್ತದೆ. ಒಂದೇ ಪುಟದಲ್ಲಿ ಕಂಡು ಮಾಯವಾಗುವ ಚಿಟ್ಟೆ, ಹೂವು ಹೆಚ್ಚಾಗಿ ಬರೀ ಅಲಂಕಾರ. ಅಂಥ ಕಡೆ ನಾನು ಕಾಯುತ್ತಾ ಕೂರುವುದಿಲ್ಲ.

ರೋಸಿಗೆ ನರಿ ಇರುವುದು ಗೊತ್ತಿತ್ತಾ, ಇಲ್ವಾ? ಗೊತ್ತಿದ್ದೇ ದಾರ ಎಳೆದಳು ಅಂತ ಮಗಳ ವಾದ. ಇಲ್ಲ ಅಂತ ನನ್ನದು. ಪುಸ್ತಕ ಯಾರ ಪರವೂ ಮಾತಾಡುವುದಿಲ್ಲ.