ಕೋಣೆಗೆ ಒಪ್ಪುವ ಫ್ಯಾನ್: ಅಂದವೂ ಇರಲಿ, ಗಾಳಿಯೂ ಬರಲಿ

ಹೊಸ ಮನೆಯ ಕೆಲಸ ನಡೆಯುವಾಗ ಸೀಲಿಂಗ್ ಫ್ಯಾನಿನ ಸರದಿ ಬರುವುದು ಸಾಮಾನ್ಯವಾಗಿ ಕೊನೆಗೆ. ಫಾಲ್ಸ್ ಸೀಲಿಂಗ್ ಮುಗಿದು, ಬಣ್ಣ ಬಳಿದು, ದೀಪಗಳನ್ನೆಲ್ಲ ಕೂರಿಸಿದ ಮೇಲೆ ಮನೆಯವರು ಅಂಗಡಿಗೆ ಹೋಗಿ, ಸೋಫಾದ ಬಣ್ಣಕ್ಕೆ ಹೊಂದುವ ಫ್ಯಾನೊಂದನ್ನು ಆರಿಸಿ ತರುತ್ತಾರೆ. ಏಪ್ರಿಲ್ ಬಂದಾಗ, ಐದನೇ ಸ್ಪೀಡಿನಲ್ಲಿಟ್ಟರೂ ಗಾಳಿ ಮೈಗೆ ತಾಗುವುದಿಲ್ಲ ಎಂದು ಅಂಗಡಿಯವನನ್ನು ದೂರುತ್ತಾರೆ. ಇಂತಹ ಮನೆಗಳಲ್ಲಿ ಹೆಚ್ಚಿನ ಕಡೆ ತಪ್ಪು ಫ್ಯಾನಿನದ್ದಾಗಿರುವುದಿಲ್ಲ, ಅದನ್ನು ನೇತುಹಾಕಿದ ಎತ್ತರದ್ದಾಗಿರುತ್ತದೆ. ಆದ್ದರಿಂದ ಫ್ಯಾನಿನ ಆಯ್ಕೆ ಫಾಲ್ಸ್ ಸೀಲಿಂಗಿನ ನಕ್ಷೆ ಬರೆಯುವ ಮೊದಲೇ ಆಗಬೇಕು.

ಮೊದಲು ಅಳತೆ

ಕೋಣೆಯ ಉದ್ದ, ಅಗಲ ಮತ್ತು ನೆಲದಿಂದ ಸ್ಲ್ಯಾಬಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿ. ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದದ ಸಾಮಾನ್ಯ ಮಲಗುವ ಕೋಣೆಗೆ 1200 ಮಿಲಿಮೀಟರ್ ಫ್ಯಾನ್, ಅಂದರೆ 48 ಇಂಚಿನದು, ಸಾಕು. ಎಂಟಡಿಗಿಂತ ಚಿಕ್ಕದಾದ ಓದುವ ಕೋಣೆಗೆ ಅಥವಾ ಅಡುಗೆಮನೆಗೆ 900 ಮಿಲಿಮೀಟರಿನದು ಸರಿ. ಇಪ್ಪತ್ತಡಿ ಉದ್ದದ ಹಾಲ್ ಇದ್ದವರು ಮಧ್ಯದಲ್ಲಿ ಒಂದೇ ದೊಡ್ಡ ಫ್ಯಾನ್ ಹಾಕುವ ಆಸೆಯನ್ನು ಬಿಟ್ಟು, 1200 ಮಿಲಿಮೀಟರಿನ ಎರಡನ್ನು ಹಾಕಿಸಿಕೊಳ್ಳಬೇಕು. ಒಂದೇ ಫ್ಯಾನ್ ಇದ್ದರೆ ಗಾಳಿ ಟೀಪಾಯಿಯ ಮೇಲೆ ಬೀಳುತ್ತದೆ, ಜನ ಕೂರುವುದು ಗೋಡೆಯ ಪಕ್ಕದಲ್ಲಿ.

ಎತ್ತರದ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿ. ಫ್ಯಾನ್ ಕೆಳಕ್ಕೆ ತಳ್ಳುವ ಗಾಳಿಯನ್ನು ತನ್ನ ಮೇಲಿನಿಂದಲೇ ಎಳೆದುಕೊಳ್ಳಬೇಕು. ರೆಕ್ಕೆಗಳಿಗೂ ಮೇಲಿನ ಚಾವಣಿಗೂ ನಡುವೆ ಜಾಗ ಕಡಿಮೆಯಾದರೆ ಮೇಲಿನಿಂದ ಗಾಳಿ ಒಳಬರಲು ದಾರಿಯಿರುವುದಿಲ್ಲ. ಮೋಟಾರು ಅಷ್ಟೇ ವೇಗದಲ್ಲಿ ತಿರುಗುತ್ತದೆ, ಕರೆಂಟೂ ಸುಮಾರಾಗಿ ಅಷ್ಟೇ ಖರ್ಚಾಗುತ್ತದೆ, ಆದರೆ ಕೆಳಗೆ ಬರುವ ಗಾಳಿ ಕಡಿಮೆಯಾಗಿ ಬುಸ್ ಎನ್ನುವ ಸದ್ದು ಹೆಚ್ಚುತ್ತದೆ. ಈ ಕಾರಣಕ್ಕೆ ರೆಕ್ಕೆ ಮತ್ತು ಚಾವಣಿಯ ನಡುವೆ ಕನಿಷ್ಠ ಒಂದು ಅಡಿ, ಅಂದರೆ 300 ಮಿಲಿಮೀಟರ್, ಬಿಡಬೇಕು. ಇನ್ನೊಂದು ಕಡೆ, ನೆಲದಿಂದ ರೆಕ್ಕೆಯ ಎತ್ತರ 2.4 ಮೀಟರಿಗಿಂತ, ಅಂದರೆ ಎಂಟಡಿಗಿಂತ, ಕಡಿಮೆಯಾಗಬಾರದು. ಮಂಚದ ಮೇಲೆ ನಿಂತು ಬೆಡ್‌ಶೀಟ್ ಕೊಡವುವವರ ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದನ್ನು ನೆನಪಿಡಬೇಕು. ರೆಕ್ಕೆಯ ತುದಿಯಿಂದ ಪಕ್ಕದ ಗೋಡೆಗೆ ಅಥವಾ ವಾರ್ಡ್‌ರೋಬಿಗೆ ಒಂದೂವರೆ ಅಡಿ ಇರಲಿ.

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಕೋಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೋಣೆ 11 ಅಡಿ ಅಗಲ, 12 ಅಡಿ ಉದ್ದ, ನೆಲದಿಂದ ಸ್ಲ್ಯಾಬಿಗೆ ಒಂಬತ್ತೂವರೆ ಅಡಿ, ಅಂದರೆ 114 ಇಂಚು. ಇಂಟೀರಿಯರ್‌ನವರು ಪೂರ್ತಿ ಕೋಣೆಗೆ 8 ಇಂಚು ಕೆಳಗೆ ಜಿಪ್ಸಮ್ ಬೋರ್ಡ್ ಹೊಡೆದಿದ್ದಾರೆ. ಫ್ಯಾನಿನ ಹುಕ್ ಸ್ಲ್ಯಾಬಿನಲ್ಲಿದೆ. ಪೆಟ್ಟಿಗೆಯೊಳಗೆ ಬಂದ ರಾಡನ್ನೇ ಹಾಕಿದಾಗ ಸ್ಲ್ಯಾಬಿನಿಂದ ರೆಕ್ಕೆಗೆ 15 ಇಂಚು ಬಂತು ಎಂದುಕೊಂಡರೆ, ಅದರಲ್ಲಿ 8 ಇಂಚು ಫಾಲ್ಸ್ ಸೀಲಿಂಗಿನೊಳಗೆ ಅಡಗಿಹೋಗುತ್ತದೆ. ಉಳಿಯುವುದು 7 ಇಂಚು. ಎಂತಹ ದುಬಾರಿ ಫ್ಯಾನ್ ತಂದರೂ ಈ ಕೋಣೆಯಲ್ಲಿ ಅದು ಸೋಲುತ್ತದೆ.

ಉದ್ದದ ರಾಡ್ ಹಾಕಿಸಿದರಾಯಿತು ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಲೆಕ್ಕ ಹಾಕಿ ನೋಡಿ: ಫಾಲ್ಸ್ ಸೀಲಿಂಗ್ ಇರುವುದು ನೆಲದಿಂದ 106 ಇಂಚು ಎತ್ತರದಲ್ಲಿ. ಅದರಿಂದ 12 ಇಂಚು ಕೆಳಗೆ ಎಂದರೆ ರೆಕ್ಕೆ 94 ಇಂಚಿಗೆ, ಏಳಡಿ ಹತ್ತಿಂಚಿಗೆ ಬರುತ್ತದೆ. ಎಂಟಡಿಯ ಮಿತಿ ತಪ್ಪಿತು. ಹಾಗಾಗಿ ಇಲ್ಲಿ ರಾಡ್ ಬದಲಿಸುವುದರಿಂದ ಸಮಸ್ಯೆ ಬಗೆಹರಿಯುವುದಿಲ್ಲ, ಫಾಲ್ಸ್ ಸೀಲಿಂಗನ್ನೇ ಬದಲಿಸಬೇಕು. ಕೋಣೆಯ ನಾಲ್ಕೂ ಅಂಚಿನಲ್ಲಿ ಮಾತ್ರ ಬೋರ್ಡ್ ಹೊಡೆಸಿ, ನಡುವೆ ಏಳಡಿ ಚೌಕದಷ್ಟು ಸ್ಲ್ಯಾಬನ್ನು ತೆರೆದೇ ಬಿಡಿಸಿದರೆ, ಒಂದು ದಿಕ್ಕಿನಲ್ಲಿ ಎರಡಡಿ, ಇನ್ನೊಂದು ದಿಕ್ಕಿನಲ್ಲಿ ಎರಡೂವರೆ ಅಡಿ ಅಗಲದ ಪಟ್ಟಿ ಉಳಿಯುತ್ತದೆ. ದೀಪಗಳಿಗೆ ಅಷ್ಟು ಸಾಕು. ನಾಲ್ಕಡಿಯ ಫ್ಯಾನಿನ ಸುತ್ತ ಒಂದೂವರೆ ಅಡಿ ಖಾಲಿ ಜಾಗ ಸಿಗುತ್ತದೆ, ಪೆಟ್ಟಿಗೆಯ ರಾಡಿನಲ್ಲೇ ರೆಕ್ಕೆ ಸ್ಲ್ಯಾಬಿನಿಂದ 15 ಇಂಚು ಕೆಳಗೆ, ನೆಲದಿಂದ ಎಂಟಡಿ ಮೂರಿಂಚು ಮೇಲೆ ನಿಲ್ಲುತ್ತದೆ. ಬೋರ್ಡ್ ಹೊಡೆಸುವ ಮೊದಲೇ ಈ ಲೆಕ್ಕವನ್ನು ಹಾಳೆಯ ಮೇಲೆ ಹಾಕಿದ್ದರೆ ಎರಡು ಸಲ ಖರ್ಚು ಮಾಡಬೇಕಾಗುತ್ತಿರಲಿಲ್ಲ.

ಕರಾವಳಿಯ ಹಂಚಿನ ಮನೆಗಳ ಕಷ್ಟ ಇದರ ತದ್ವಿರುದ್ಧ. ಅಲ್ಲಿ ಮಾಡು ಎತ್ತರದಲ್ಲಿರುತ್ತದೆ. ಚಿಕ್ಕ ರಾಡಿನಲ್ಲಿ ತೂಗುಹಾಕಿದ ಫ್ಯಾನಿನ ಗಾಳಿ ಕೆಳಗೆ ಕುಳಿತವರನ್ನು ಮುಟ್ಟುವಷ್ಟರಲ್ಲಿ ಚದುರಿಹೋಗಿರುತ್ತದೆ. ರೆಕ್ಕೆ ನೆಲದಿಂದ ಎಂಟೂವರೆ, ಒಂಬತ್ತಡಿಯಲ್ಲಿ ಬರುವಂತೆ ಉದ್ದದ ರಾಡ್ ಹಾಕಿಸಬೇಕು. ಅದನ್ನು ಭದ್ರವಾದ ತೊಲೆಗೆ ತೂಗಬೇಕೇ ಹೊರತು ಹಂಚು ಹೊರುವ ರೀಪಿಗಲ್ಲ. ಬೀದಿಬದಿಯಲ್ಲಿ ಪೈಪ್ ಕತ್ತರಿಸಿ ತೂತು ಕೊರೆದು ಕೊಡುವ ರಾಡನ್ನು ನಾನು ಯಾರಿಗೂ ಹೇಳುವುದಿಲ್ಲ. ಫ್ಯಾನ್ ಯಾವ ಕಂಪನಿಯದೋ ಅದೇ ಕಂಪನಿಯ ರಾಡ್ ತೆಗೆದುಕೊಳ್ಳಿ. ಬೋಲ್ಟಿನ ಪಿನ್ನನ್ನು ಎರಡೂ ಕಡೆಗೆ ಬಿಡಿಸಿ ಮಡಚಿದ್ದಾರೆಯೇ ಎಂದು ಏಣಿ ಹತ್ತಿ ಕಣ್ಣಾರೆ ನೋಡಿ. ಫಾಲ್ಸ್ ಸೀಲಿಂಗಿನ ತಗಡಿನ ಚೌಕಟ್ಟಿಗೆ ಫ್ಯಾನ್ ತೂಗುವವರೂ ಇದ್ದಾರೆ. ಅದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಪೆಟ್ಟಿಗೆಯ ಮೇಲಿನ ಎರಡು ಅಂಕಿಗಳು

ಎತ್ತರ ನಿಶ್ಚಯವಾದ ಮೇಲೆ ಅಂಗಡಿಗೆ ಹೋಗಿ. ಅಲ್ಲಿ ಕೇಳಬೇಕಾದದ್ದು ಎರಡೇ ಅಂಕಿ: ಫ್ಯಾನ್ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಕೊಡುತ್ತದೆ ಮತ್ತು ಅದಕ್ಕೆ ಎಷ್ಟು ವಾಟ್ ಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಸರ್ವಿಸ್ ವ್ಯಾಲ್ಯೂ. ವಿದ್ಯುತ್ ಉಳಿತಾಯದ ಮಟ್ಟ ತೋರಿಸುವ, ಕೇಂದ್ರ ಸರ್ಕಾರದ ಬಿಇಇ ಸಂಸ್ಥೆಯ ಸ್ಟಾರ್ ನಿರ್ಧಾರವಾಗುವುದು ಈ ಅಂಕಿಯಿಂದಲೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಈ ಲೇಬಲ್ ಕಡ್ಡಾಯವಾಗಿದೆ.

ಒಂದು ಫ್ಯಾನ್ 52 ವಾಟಿನಲ್ಲಿ 215 ಘನ ಮೀಟರ್ ಗಾಳಿ ಕೊಟ್ಟರೆ ಸರ್ವಿಸ್ ವ್ಯಾಲ್ಯೂ ಸುಮಾರು 4.1. ಇನ್ನೊಂದು 32 ವಾಟಿನಲ್ಲಿ 230 ಕೊಟ್ಟರೆ ಸುಮಾರು 7.2. ಎರಡನೆಯದು ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಮೋಟಾರಿನದಾಗಿರುತ್ತದೆ. ಆದರೆ ಸ್ಟಾರ್ ಎಂಬುದು ಭಾಗಾಕಾರದ ಫಲವಾದ್ದರಿಂದ, ವಾಟ್ ತೀರಾ ಕಡಿಮೆ ಇದ್ದರೆ ಗಾಳಿ ಸ್ವಲ್ಪ ಕಡಿಮೆಯಿದ್ದರೂ ಐದು ಸ್ಟಾರ್ ಸಿಗಬಹುದು. ಆದ್ದರಿಂದ ಸ್ಟಾರ್ ನೋಡಿ ತೃಪ್ತರಾಗದೆ ಗಾಳಿಯ ಅಂಕಿಯನ್ನೂ ನೋಡಿ. 1200 ಮಿಲಿಮೀಟರಿನ ಫ್ಯಾನಿಗೆ 220ಕ್ಕಿಂತ ಕಡಿಮೆ ಇರುವುದನ್ನು ನಾನು ಕೈಯಲ್ಲಿ ಮುಟ್ಟುವುದಿಲ್ಲ. ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನೇ ಮಾರಾಟಗಾರ ಮತ್ತೆ ಮತ್ತೆ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಿರಿದಾದ ರೆಕ್ಕೆಗಳು ಎಷ್ಟು ವೇಗವಾಗಿ ತಿರುಗಿದರೂ ಸದ್ದು ಹೆಚ್ಚುತ್ತದೆಯೇ ವಿನಾ ಗಾಳಿ ಅಷ್ಟು ಹೆಚ್ಚುವುದಿಲ್ಲ.

ಮನೆಯಲ್ಲಿ ಈಗಿರುವ ಹಳೆಯ ಫ್ಯಾನ್ 75 ವಾಟಿನದಾಗಿದ್ದು, ದಿನಕ್ಕೆ ಹನ್ನೆರಡು ಗಂಟೆ ತಿರುಗುತ್ತಿದ್ದರೆ, ಅದರ ಜಾಗಕ್ಕೆ 32 ವಾಟಿನದು ಬಂದಾಗ ತಿಂಗಳಿಗೆ ಹದಿನೈದು ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಅಂದದ ಮಾತು

ಫ್ಯಾನಿನ ಬಣ್ಣವನ್ನು ಪೀಠೋಪಕರಣಕ್ಕೆ ಹೊಂದಿಸುವುದಕ್ಕಿಂತ ಚಾವಣಿಗೆ ಹೊಂದಿಸುವುದು ಮೇಲು. ಬಿಳಿ ಚಾವಣಿಗೆ ಹೊಳಪಿಲ್ಲದ ಬಿಳಿ ಫ್ಯಾನ್ ಹಾಕಿದರೆ ಅದು ಕಣ್ಣಿಗೆ ಬೀಳದಂತೆ ಸೇರಿಹೋಗಿ, ಕೋಣೆ ಎತ್ತರವಾಗಿ ಕಾಣುತ್ತದೆ. ಮರದ ಮಾಡು, ಕೆಂಪು ನೆಲದ ಹಳೆಯ ಮನೆಗೆ ಕಂದು ಬಣ್ಣ ಒಪ್ಪುತ್ತದೆ. ರೆಕ್ಕೆ ಎಷ್ಟಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಮೂರು. ನಾಲ್ಕೈದು ರೆಕ್ಕೆಯವು ನೋಡಲು ತುಂಬಿದಂತೆ ಕಂಡರೂ, ಹೆಚ್ಚಿನವು ನಿಧಾನವಾಗಿ ತಿರುಗುವಂತೆ ಮಾಡಿದವು. ಸದ್ದಿಲ್ಲದಿರುವುದೇ ಮುಖ್ಯ ಎನ್ನುವವರು ಬೇಕಿದ್ದರೆ ತೆಗೆದುಕೊಳ್ಳಬಹುದು.

ರೆಕ್ಕೆಯನ್ನು ಅದರ ತುದಿಯಿಂದ ನೋಡಿ. ಬುಡದಿಂದ ತುದಿಯವರೆಗೆ ಸ್ವಲ್ಪ ತಿರುಚಿಕೊಂಡಿದ್ದು, ನೆಲಕ್ಕೆ ಓರೆಯಾಗಿದ್ದರೆ ಗಾಳಿ ಕೊಡುವ ರೆಕ್ಕೆ. ಹಲಗೆಯಂತೆ ಚಪ್ಪಟೆಯಾಗಿದ್ದು ಓರೆಯೇ ಕಾಣದಿದ್ದರೆ ಅದು ಅಲಂಕಾರಕ್ಕೆ ಮಾಡಿದ್ದು. ಮರದ ಹುಡಿಯ ಹಲಗೆಯಿಂದ ಮಾಡಿದ ರೆಕ್ಕೆ ಮಳೆಗಾಲದ ತೇವಕ್ಕೆ ಉಬ್ಬಿ ಸೊಟ್ಟಗಾಗುತ್ತದೆ, ಆಮೇಲೆ ಫ್ಯಾನ್ ತೂಗಾಡುತ್ತದೆ. ಉಡುಪಿ, ಕಾರವಾರದ ಕಡೆಯವರು ಉಪ್ಪುಗಾಳಿಗೆ ತುಕ್ಕು ಹಿಡಿಯದ ಅಲ್ಯೂಮಿನಿಯಂ ರೆಕ್ಕೆಯನ್ನೇ ಕೇಳಿ ತರಬೇಕು. ರಿಮೋಟ್ ಒತ್ತಿದಾಗ ರೆಕ್ಕೆ ಹೊರಬಂದು, ನಿಲ್ಲಿಸಿದಾಗ ಒಳಗೆ ಮಡಚಿಕೊಳ್ಳುವ ಗೊಂಚಲು ದೀಪದ ಫ್ಯಾನುಗಳು ಈಗ ಎಲ್ಲೆಡೆ ಕಾಣುತ್ತವೆ. ಗಿಡ್ಡ ರೆಕ್ಕೆಯ ಅವುಗಳನ್ನು ದೀಪವೆಂದು ಕೊಂಡರೆ ತೊಂದರೆಯಿಲ್ಲ. ಫ್ಯಾನ್ ಎಂದು ಕೊಳ್ಳುವವರು ಮೊದಲು ಗಾಳಿಯ ಅಂಕಿ ಕೇಳಲಿ. ಪೆಟ್ಟಿಗೆಯ ಮೇಲೆ ಅದು ಇಲ್ಲದಿದ್ದರೆ ವಾಪಸ್ ಬನ್ನಿ.

ಚಾವಣಿಯ ಸ್ಪಾಟ್‌ಲೈಟುಗಳು ರೆಕ್ಕೆ ತಿರುಗುವ ವೃತ್ತದ ಮೇಲೆ ಬರದಂತೆಯೂ ನೋಡಿಕೊಳ್ಳಬೇಕು. ಹಾಗೆ ಬಂದರೆ ರೆಕ್ಕೆಯ ನೆರಳು ಇಡೀ ಕೋಣೆಯಲ್ಲಿ ಮಿಣುಕುತ್ತದೆ, ಓದಲು ಕುಳಿತವರಿಗೆ ತಲೆನೋವು ಬರುತ್ತದೆ.

ಅಂಗಡಿಯಲ್ಲಿ ಪರೀಕ್ಷೆ, ಮನೆಯಲ್ಲಿ ಜೋಡಣೆ

ಅಂಗಡಿಯಲ್ಲಿ ಸಾಲಾಗಿ ತೂಗಿದ ಫ್ಯಾನುಗಳನ್ನೆಲ್ಲ ಒಟ್ಟಿಗೆ ಹಾಕಿ ತೋರಿಸಿದರೆ ಯಾವುದರ ಗಾಳಿ ಯಾವುದು ಎಂದು ತಿಳಿಯುವುದಿಲ್ಲ. ಉಳಿದವನ್ನು ನಿಲ್ಲಿಸಿ ಒಂದನ್ನೇ ಹಾಕಲು ಹೇಳಿ. ಮೋಟಾರಿನ ನೇರ ಕೆಳಗೆ ಗಾಳಿ ಕಡಿಮೆ, ಆದ್ದರಿಂದ ಎರಡಡಿ ಪಕ್ಕಕ್ಕೆ ನಿಂತು ನೋಡಿ.

ಬಿಎಲ್‌ಡಿಸಿ ಫ್ಯಾನ್ ತಂದವರು ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆಸಿ, ವೈರನ್ನು ಸ್ವಿಚ್ಚಿಗೆ ನೇರವಾಗಿ ಕೊಡಿಸಬೇಕು. ಅದರ ವೇಗವನ್ನು ಅದರೊಳಗಿನ ಎಲೆಕ್ಟ್ರಾನಿಕ್ ಬೋರ್ಡೇ ನಿಯಂತ್ರಿಸುತ್ತದೆ. ಗೋಡೆಯ ರೆಗ್ಯುಲೇಟರ್ ಮೂಲಕ ಕರೆಂಟ್ ಹರಿದರೆ ಆ ಬೋರ್ಡ್ ಕೆಡಬಹುದು. ರಿಮೋಟ್ ಕಳೆದುಹೋದರೆ ಗತಿಯೇನು ಎನ್ನುವವರಿಗೆ, ಅದಕ್ಕೆಂದೇ ಮಾಡಿದ ಗೋಡೆಯ ನಿಯಂತ್ರಕ ಇರುವ ಮಾದರಿಗಳೂ ಸಿಗುತ್ತವೆ. ಹಿರಿಯರಿರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ.

ಮೂರೂ ರೆಕ್ಕೆಗಳು ಒಂದೇ ಪೆಟ್ಟಿಗೆಯವೇ ಆಗಿರಬೇಕು. ಅವನ್ನು ತೂಕ ಸರಿದೂಗಿಸಿ ಜೊತೆಯಾಗಿ ಕಳಿಸಿರುತ್ತಾರೆ. ಎರಡು ಕೋಣೆಯ ಫ್ಯಾನುಗಳನ್ನು ಒಂದೇ ದಿನ ಜೋಡಿಸುವಾಗ ಇವು ಅದಲುಬದಲಾಗುವುದು ಹೆಚ್ಚು. ಜೋಡಣೆ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಹೊರಡುವ ಮುನ್ನ ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ರಾಡ್ ತೂಗಾಡಿದರೆ ಫ್ಯಾನ್ ನಿಲ್ಲಿಸಿ, ಪ್ರತಿಯೊಂದು ರೆಕ್ಕೆಯ ತುದಿಯಿಂದ ಚಾವಣಿಗೆ ಇರುವ ದೂರವನ್ನು ಒಂದೇ ಜಾಗದಲ್ಲಿ ಅಳೆಸಿ. ಒಂದು ರೆಕ್ಕೆಯ ಅಳತೆ ಉಳಿದೆರಡಕ್ಕಿಂತ ಬೇರೆ ಬಂದರೆ ಅದರ ಸ್ಕ್ರೂ ಸಡಿಲವಾಗಿರುತ್ತದೆ ಅಥವಾ ಅದನ್ನು ಹಿಡಿದಿರುವ ಪಟ್ಟಿ ಬಾಗಿರುತ್ತದೆ. ಸ್ಕ್ರೂ ಬಿಗಿಗೊಳಿಸಿದರೂ ವ್ಯತ್ಯಾಸ ಉಳಿದರೆ, ಬಾಗಿದ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಸರಿಮಾಡಲು ಬಿಡಬೇಡಿ. ಪೆಟ್ಟಿಗೆ, ಬಿಲ್ಲುಗಳ ಸಮೇತ ಆ ದಿನವೇ ಅಂಗಡಿಗೆ ಒಯ್ದು ರೆಕ್ಕೆಗಳ ಪೂರ್ತಿ ಸೆಟ್ಟನ್ನು ಬದಲಾಯಿಸಿಕೊಳ್ಳಿ.